ಖಾಲಾ ಒತ್ತುತ್ತಿದ್ದ ಒಂದು ಅಕ್ಷರ

ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆಫೀಸೆಂದರೆ ದೊಡ್ಡದೇನಲ್ಲ. ಐದು ಕುರ್ಚಿ, ನಾಲ್ಕು ಕಂಪ್ಯೂಟರು, ಬೇಸಿಗೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಹೊಡೆಯುವ ಒಂದು ಫ್ಯಾನು. ನಾನು ದಿನವೂ ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತೇನೆ. ಮೊದಲು ಊರಲ್ಲೇ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಆ ಕೇಂದ್ರ ಮುಚ್ಚಿದ ಮೇಲೆ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ರಿಯಾಕ್ಟ್ ಕಲಿತೆ. ಪರದೆಯ ಮೇಲೆ ಕಾಣುವ ಪಟ್ಟಿ, ಗುಂಡಿ, ಚೌಕಗಳನ್ನು ಕಟ್ಟುವ ಸಾಮಾನು ಅದು. ಕಲಿತೆ ಎನ್ನುವುದಕ್ಕಿಂತ ಹೊಟ್ಟೆಪಾಡಿಗೆ ಬೇಕಾದಷ್ಟು ಹೆಕ್ಕಿಕೊಂಡೆ ಎನ್ನುವುದು ಸರಿ. ನಮ್ಮ ಸಾಹೇಬರಿಗೆ ನನಗಿಂತ ಹತ್ತು ವರ್ಷ ಕಡಿಮೆ. ನನ್ನನ್ನು ಅಕ್ಕಾ ಅನ್ನುತ್ತಾರೆ, ಕೆಲಸ ಮಾತ್ರ ತಂಗಿಗೆ ಹೇಳಿದ ಹಾಗೆ ಹೇಳುತ್ತಾರೆ.

ಸಿರುಗುಪ್ಪದ ಒಂದು ಅಕ್ಕಿ ಗಿರಣಿಗೆ ನಾವೊಂದು ತಂತ್ರಾಂಶ ಮಾಡಿಕೊಟ್ಟಿದ್ದೆವು. ಭತ್ತ ತುಂಬಿದ ಟ್ರ್ಯಾಕ್ಟರುಗಳು ಅಂಗಳಕ್ಕೆ ಬಂದ ಕೂಡಲೇ ಹೆಸರು ಬರೆಸಬೇಕು. ಆ ಹೆಸರುಗಳು ಪಾಳಿಯ ಪ್ರಕಾರ ಪರದೆಯ ಮೇಲೆ ಒಂದರ ಕೆಳಗೊಂದು ಬರುತ್ತವೆ. ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಚೌಕ. ಕಾಳಿನ ತೇವ ಎಷ್ಟೆಂದು ಮಷೀನಿನಲ್ಲಿ ನೋಡಿ ಆ ಚೌಕದಲ್ಲಿ ತುಂಬಬೇಕು, ಆಮೇಲೆ ಪಕ್ಕದ 'ದಾಖಲಿಸು' ಗುಂಡಿ ಒತ್ತಬೇಕು. ತೇವ ಶೇಕಡಾ ಹದಿನೇಳರೊಳಗಿದ್ದರೆ ಸಾಲು ಹಸಿರಾಗುತ್ತದೆ, ಗಾಡಿ ಒಳಗೆ. ಮೇಲಿದ್ದರೆ ಕೆಂಪು. ಹಿಂದಿನ ಗೇಟಿನಲ್ಲಿ ಇನ್ನೊಂದು ಪರದೆ ನೋಡುತ್ತ ಕೂತಿರುವ ಕಾವಲುಗಾರ, "ಒಣಗಿಸ್ಕೊಂಡು ಬರ್ರಿ" ಎಂದು ಗಾಡಿ ತಿರುಗಿಸಿ ಕಳಿಸುತ್ತಾನೆ.

ಆ ತೇವ ನೋಡುವವಳು ಖಾಲಾ. ಗಿರಣಿಯಲ್ಲಿ ಎಲ್ಲರಿಗೂ ಅವಳು ಖಾಲಾ, ಅಂದರೆ ಚಿಕ್ಕಮ್ಮ, ಗಿರಣಿಯ ಸಾವ್ಕಾರರಿಗೂ. ಅರವತ್ತರ ಹತ್ತಿರದ ಹೆಂಗಸು, ಸಿರುಗುಪ್ಪದಲ್ಲೇ ಹುಟ್ಟಿದವಳು. ಮಷೀನು ಬರುವುದಕ್ಕೆ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಕಟಕ್ಕೆಂದು ಕಚ್ಚಿ, ಒಣಗಿದೆ ಇಲ್ಲ ಎಂದು ಹೇಳುತ್ತಿದ್ದವಳು. ಮಷೀನು ಬಂದ ಮೇಲೂ ಮೊದಲು ಕಚ್ಚಿ ನೋಡಿಯೇ ಮಷೀನಿಗೆ ಹಾಕುತ್ತಿದ್ದಳು. ಎರಡೂ ಒಂದೇ ಹೇಳಿದರೆ ಮಷೀನಿನ ಮೇಲೆ ಕೈಯಾಡಿಸಿ, "ಶಾಣೇ ಐತಿ" ಅನ್ನುತ್ತಿದ್ದಳು.

ಆ ಅಂಗಳದಲ್ಲಿ ಒಂದು ಪದ್ಧತಿ ಇತ್ತು. ನಾನು ಪಾರ್ವತಿನಗರದಲ್ಲಿ ಕೂತು ಕೋಡ್ ಬರೆಯುವಾಗ ಅದರ ವಿಷಯ ನನಗೆ ಗೊತ್ತೇ ಇರಲಿಲ್ಲ. ಸಾಲು ಎಂದರೆ ಬಂದ ಹಾಗೆ ನಿಲ್ಲುವುದು ಎಂದುಕೊಂಡಿದ್ದೆ. ಅಲ್ಲಿ ಹಾಗಲ್ಲ. ಹಿಂದಿನವನ ಮನೆಯಲ್ಲಿ ಜಡ್ಡಾಗಿದ್ದರೆ, ಹೆಣ್ಣುಮಗಳೊಬ್ಬಳೇ ಗಾಡಿಯ ಜೊತೆ ಬಂದಿದ್ದರೆ, ಬಾಡಿಗೆ ಟ್ರ್ಯಾಕ್ಟರು ಬೇಗ ವಾಪಸ್ಸು ಹೋಗಬೇಕಿದ್ದರೆ, ಮುಂದಿನವನು ತಾನಾಗಿಯೇ ಪಾಳಿ ಬಿಟ್ಟುಕೊಡುತ್ತಾನೆ. "ನೀ ಮುಂದ ಹೋಗಪಾ, ನಂದೇನು ಅವಸರ ಐತಿ" ಅಂದರೆ ಮುಗಿಯಿತು. ದಿನಕ್ಕೆ ಹತ್ತು ಸಲ ಇದು ನಡೆಯುತ್ತದೆ. ಅದಕ್ಕೇ ಆಮೇಲೆ ಅವರು ಕೇಳಿದ್ದರು, ಹೆಸರನ್ನು ಒಂದು ಹೆಜ್ಜೆ ಕೆಳಗಿಳಿಸಲು ಒಂದು ಬಾಣದ ಗುಂಡಿ ಬೇಕು ಎಂದು. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ಗಡಿಬಿಡಿಯಲ್ಲಿ ಬರೆದುಕೊಟ್ಟೆ. ಹಸಿದ ಹೊಟ್ಟೆಯಲ್ಲಿ ಬರೆದ ಕೋಡು.

ಒಂದು ದಿನ ಬೇರೇನೋ ಕೆಲಸಕ್ಕೆ ಗಿರಣಿಗೆ ಹೋದಾಗ ಖಾಲಾಳ ಪಕ್ಕ ಕೂತಿದ್ದೆ. ಒಬ್ಬ ಬಂದು ಪಾಳಿ ಬಿಟ್ಟುಕೊಟ್ಟ. ಖಾಲಾ ಕೂಡಲೇ ಬಾಣ ಒತ್ತಲಿಲ್ಲ. ಮೊದಲು ತುಂಬಿದ್ದ ಅಂಕಿಗಳನ್ನೆಲ್ಲ ಒಂದೊಂದಾಗಿ ದಾಖಲಿಸಿದಳು. ಆಮೇಲೆ ಬಾಣ ಒತ್ತಿದಳು. ಪರದೆ ಕಲ್ಲಿನ ಹಾಗೆ ಕೂತಿತ್ತು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಮೇಲಿದ್ದ ಹುಡುಕುವ ಚೌಕಕ್ಕೆ ಹೋಗಿ 'ಕೆ' ಎಂಬ ಒಂದು ಅಕ್ಷರ ಒತ್ತಿದಳು. ಆ ಅಕ್ಷರವಿಲ್ಲದ ಹೆಸರುಗಳು ಮಾಯವಾದವು. ಅಕ್ಷರ ಅಳಿಸಿದಳು. ಎಲ್ಲ ಹೆಸರು ವಾಪಸ್ಸು ಬಂದವು, ಪಾಳಿ ಬದಲಾಗಿತ್ತು.

"ಇದೇನ್ ಖಾಲಾ, ಮಂತ್ರಾ?" ಎಂದೆ.

"ಹೂಂ ಬೇಟಿ. ಬಾಣ ಒತ್ತಿದ್ರ ಇದು ಮಕ್ಕೊಂಡಿರ್ತೈತಿ. ಹಿಂಗ ಒಂದು ಅಕ್ಷರ ಒತ್ತಿದ್ರ ಎದ್ದು ಕುಂದರ್ತೈತಿ."

"ಮತ್ತ ಮೊದಲ ಎಲ್ಲಾ ದಾಖಲಿಸಿದ್ರಲ್ಲ, ಅದ್ಯಾಕ?"

"ಇಲ್ಲಾಂದ್ರ ತುಂಬಿದ್ದ ಅಂಕಿ ಹಾಳಾಗಿ ಹೋಗ್ತಾವ. ಎರಡು ಸಲ ಹೋದ್ವು, ಮತ್ತ ಕಾಳು ತರಾಕ ಬಿಸಿಲಾಗ ಓಡಿದೆ. ಅವತ್ತಿಂದ ಮೊದಲ ಕಾಳು, ಆಮ್ಯಾಲ ಪಾಳಿ."

ನನಗೆ ನಾಚಿಕೆಯಾಯಿತು. ಒಂದು ವರ್ಷದಿಂದ ಈ ಹೆಂಗಸು ನನ್ನ ತಪ್ಪಿಗೆ ತಾನೇ ಔಷಧಿ ಕಂಡುಹಿಡಿದುಕೊಂಡು ಸುಮ್ಮನೆ ಕೆಲಸ ಮಾಡುತ್ತಿದ್ದಳು. ಒಂದು ಫೋನು ಮಾಡಿ ಬೈಯಬಹುದಿತ್ತಲ್ಲ! ನಾನಾಗಿದ್ದರೆ ಮೊದಲ ದಿನವೇ ಹರಿಹಾಯುತ್ತಿದ್ದೆ.

ಆಫೀಸಿಗೆ ಬಂದು ಕೋಡ್ ತೆಗೆದು ನೋಡಿದೆ. ತಪ್ಪು ಕಣ್ಣಿಗೆ ಹೊಡೆಯುವ ಹಾಗಿತ್ತು. ಬಾಣ ಒತ್ತಿದಾಗ ನಾನು ಹಳೆಯ ಪಟ್ಟಿಯೊಳಗೇ ಕೈ ಹಾಕಿ ಎರಡು ಹೆಸರು ಅದಲುಬದಲು ಮಾಡಿ, ಅದೇ ಪಟ್ಟಿಯನ್ನು ವಾಪಸ್ಸು ರಿಯಾಕ್ಟಿಗೆ ಕೊಡುತ್ತಿದ್ದೆ. ರಿಯಾಕ್ಟ್ ಪಟ್ಟಿಯ ಒಳಗೆ ಇಣುಕಿ ನೋಡುವುದಿಲ್ಲ. ಕೊಟ್ಟಿದ್ದು ಹಳೆಯದೇ ಹೊಸದೇ ಎಂದಷ್ಟೇ ನೋಡುತ್ತದೆ. ಹಳೆಯ ಬುಟ್ಟಿಯಲ್ಲಿ ಈರುಳ್ಳಿ ಕೆಳಗೆ ಮೇಲೆ ಮಾಡಿ ಅದೇ ಬುಟ್ಟಿ ಮುಂದಿಟ್ಟರೆ, ಇದು ನಾನು ಆಗಲೇ ನೋಡಿದ ಬುಟ್ಟಿ ಎಂದು ಪರದೆಯನ್ನು ಮುಟ್ಟದೆ ಬಿಡುತ್ತದೆ. ಖಾಲಾ ಹುಡುಕುವ ಚೌಕದಲ್ಲಿ ಅಕ್ಷರ ಒತ್ತಿದಾಗ ಬೇರೊಂದು ಸಂಗತಿ ನಿಜವಾಗಿ ಬದಲಾಗುತ್ತಿತ್ತು. ಅದಕ್ಕಾಗಿ ಪರದೆಯನ್ನು ಹೊಸದಾಗಿ ಬಿಡಿಸುವಾಗ ಈ ಅದಲುಬದಲೂ ಜೊತೆಗೇ ಕಾಣಿಸಿಕೊಳ್ಳುತ್ತಿತ್ತು. ಅವಳ ಮಂತ್ರದ ಗುಟ್ಟು ಇಷ್ಟೇ.

ಮದ್ದು ಸುಲಭ. ಪಟ್ಟಿಯ ನಕಲು ಮಾಡಿ, ನಕಲಿನಲ್ಲಿ ಹೆಸರು ಬದಲಿಸಿ, ಆ ಹೊಸ ಪಟ್ಟಿಯನ್ನು ಕೊಡಬೇಕು. ಎರಡು ಸಾಲಿನ ಕೆಲಸ. ಮಾಡಿದೆ, ಒತ್ತಿ ನೋಡಿದೆ, ಬಾಣ ಒತ್ತಿದ ಕ್ಷಣಕ್ಕೆ ಹೆಸರು ಕೆಳಗಿಳಿಯಿತು. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಪಟ್ಟಿಯಲ್ಲಿ ಚೌಕಗಳೆಲ್ಲ ಖಾಲಿ ಇದ್ದವು. ಅವನ್ನು ತುಂಬಿ ನೋಡುವುದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು, ಮುಚ್ಚಿಟ್ಟು ಏನು ಪ್ರಯೋಜನ. ನನ್ನ ಕಂಪ್ಯೂಟರಿನಲ್ಲಿ ಆ ಪುಟ ತೆರೆದಾಗಲೆಲ್ಲ ಪಕ್ಕದ ಕಿಟಕಿಯಲ್ಲಿ ಒಂದು ಕೆಂಪು ಎಚ್ಚರಿಕೆ ಬರುತ್ತಿತ್ತು. ಪಟ್ಟಿಯ ಪ್ರತಿ ಸಾಲಿಗೂ ತನ್ನದೇ ಆದ ಒಂದು ಕೀ ಕೊಡು ಎಂದು. ಕೀ ಎಂದರೆ ಆ ಸಾಲಿನ ಗುರುತು, ಇದು ಇಂಥವನ ಸಾಲು ಎಂದು ರಿಯಾಕ್ಟಿಗೆ ಹೇಳುವ ಗುರುತು. ಈ ಎಚ್ಚರಿಕೆ ಬರೆಯುವವರ ಕಂಪ್ಯೂಟರಿನಲ್ಲಿ ಮಾತ್ರ ಬರುತ್ತದೆ, ಗಿರಣಿಯ ಪರದೆಯಲ್ಲಿ ಬರುವುದಿಲ್ಲ. ಒಂದು ವರ್ಷದಿಂದ ಅದನ್ನು ದಿನಾ ನೋಡುತ್ತಿದ್ದೆ. ನಾಳೆ ಮಾಡಿದರಾಯಿತು, ಕೆಲಸ ನಡೀತಿದೆಯಲ್ಲ ಎಂದು ಬಿಟ್ಟಿದ್ದೆ. ಕೊನೆಗೆ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಖಾಲಾಗೆ ಫೋನು ಮಾಡಿದೆ. ಹೇಳುವಾಗ ನನ್ನ ದನಿಯಲ್ಲಿ ಜಂಭ ಇತ್ತು.

"ಖಾಲಾ, ಸರಿ ಮಾಡೀನಿ. ಇನ್ನ ಆ ಅಕ್ಷರ ಒತ್ತೋದು ಬ್ಯಾಡ. ಮೊದಲ ದಾಖಲಿಸೋದೂ ಬ್ಯಾಡ. ಯಾವಾಗ ಬೇಕಾದ್ರೂ ಬಾಣ ಒತ್ರಿ, ತಾನ ಸರೀತೈತಿ."

"ಖರೇನಾ? ಅಂಕಿ ಹೋಗಂಗಿಲ್ಲಾ?"

"ಎಲ್ಲೂ ಹೋಗಂಗಿಲ್ಲ. ನನ್ನ ಮ್ಯಾಲ ಭಾರ ಹಾಕ್ರಿ."

ಐದನೆಯ ದಿನ ಬೆಳಿಗ್ಗೆ, ಕುರುಗೋಡಿನಿಂದ ಬರುವ ಬಸ್ಸಿನಲ್ಲಿ ನಿಂತಿದ್ದಾಗ ಸಾಹೇಬರ ಫೋನು ಬಂತು. "ಅಕ್ಕಾ, ಆಫೀಸಿಗೆ ಬರಬ್ಯಾಡ್ರಿ, ಹಂಗೇ ಸಿರುಗುಪ್ಪ ಬಸ್ ಹತ್ರಿ. ಗಿರಣ್ಯಾಗ ಗದ್ಲ ಆಗೈತಿ."

ಗದ್ದಲ ಏನೆಂದು ಅವರೇ ಹೇಳಿದರು. ಹಿಂದಿನ ದಿನ ದೇಶನೂರಿನ ರೈತನೊಬ್ಬ ಭತ್ತ ತಂದಿದ್ದ. ಅವನ ಹಿಂದೆ ಖಾಲಾಳ ತಂಗಿಯ ಮಗನ ಗಾಡಿ. ದೇಶನೂರಿನವನ ಭತ್ತ ಚೆನ್ನಾಗಿ ಒಣಗಿತ್ತು, ಆದರೂ ಇಪ್ಪತ್ತೊಂದು ಎಂದು ಬಂದು ಗಾಡಿ ವಾಪಸ್ಸು ಹೋಯಿತು. ತಂಗಿಯ ಮಗನ ಭತ್ತ ಹಸಿ, ಆದರೂ ಹದಿನೈದು ಎಂದು ಬಂದು ಒಳಗೆ ಹೋಯಿತು. ಬೆಳಿಗ್ಗೆ ಗೋದಾಮಿನಲ್ಲಿ ಆ ರಾಶಿಗೆ ಕೈ ಇಟ್ಟರೆ ಹಸಿ ಕಾಳು ಕಾದು ಬೆಚ್ಚಗಾಗಿತ್ತಂತೆ. ತನ್ನವನನ್ನು ಒಳಗೆ ಬಿಡಲು ಖಾಲಾ ಅಂಕಿ ಬದಲಿಸಿದಳು ಎಂದು ಅಂಗಳದ ತುಂಬ ಮಾತು. ಸಾವ್ಕಾರರು ಅವಳಿಗೆ ಇನ್ನು ಕೆಲಸಕ್ಕೆ ಬರಬೇಡ ಎಂದಿದ್ದರು.

"ಹೋಗಿ ಒಮ್ಮಿ ನೋಡಿ ಬರ್ರಿ. ಕಂಪ್ಯೂಟರ್ ತಪ್ಪಿದ್ರ ಸುಮ್ನ ಸರಿಮಾಡ್ರಿ. ಕೇಳಿದ್ರ ನೆಟ್ ಪ್ರಾಬ್ಲಮ್ ಇತ್ತು ಅನ್ರಿ. ನಮ್ಮ ಹೆಸರು ಕೆಡಬಾರದು ನೋಡ್ರಿ ಅಕ್ಕಾ," ಎಂದರು ಸಾಹೇಬರು.

ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದೆ. ಮೂರನೆಯ ಹೆಸರಿನ ಮುಂದೆ ಹದಿನೈದು ತುಂಬಿದೆ, ನಾಲ್ಕನೆಯದರ ಮುಂದೆ ಇಪ್ಪತ್ತೊಂದು. ದಾಖಲಿಸಲಿಲ್ಲ. ಮೂರನೆಯದರ ಬಾಣ ಒತ್ತಿದೆ. ಹೆಸರುಗಳು ಅದಲುಬದಲಾದವು. ಅಂಕಿಗಳು ಇದ್ದಲ್ಲೇ ಇದ್ದವು.

ಮುಂದಿನ ಸೀಟಿಗೆ ಹಣೆ ಆನಿಸಿಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು "ಯಾಕಮ್ಮಾ, ವಾಂತಿ ಬರಾಕತ್ತೈತೇನು?" ಎಂದು ಕೇಳಿದಳು.

ಕೀ ಇಲ್ಲದಿದ್ದರೆ ರಿಯಾಕ್ಟ್ ಸಾಲುಗಳನ್ನು ಜಾಗದಿಂದ ಗುರುತು ಹಿಡಿಯುತ್ತದೆ. ಇದು ಮೂರನೆಯದು, ಇದು ನಾಲ್ಕನೆಯದು, ಅಷ್ಟೇ ಅದಕ್ಕೆ ಗೊತ್ತು. ಹೆಸರು ಪಟ್ಟಿಯಿಂದ ಬರುವುದರಿಂದ ಪಟ್ಟಿಯ ಜೊತೆ ಸರಿಯುತ್ತದೆ. ಇನ್ನೂ ದಾಖಲಾಗದ ಅಂಕಿಯನ್ನು ಮಾತ್ರ ಆ ಸಾಲೇ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಮೂರನೆಯ ಜಾಗದ ಅಂಕಿ ಮೂರನೆಯ ಜಾಗದಲ್ಲೇ ಉಳಿಯುತ್ತದೆ, ಅಲ್ಲಿಗೆ ಯಾವ ಹೆಸರು ಬಂದರೂ ಸರಿ. ಖಾಲಾ ಅಕ್ಷರ ಒತ್ತಿದಾಗ ಹಿಂದೆ ಅಂಕಿಗಳು ಹಾಳಾಗುತ್ತಿದ್ದುದೂ ಅಂಕಿ ಸಾಲಿನ ಬಳಿಯೇ ಇರುತ್ತಿದ್ದುದರಿಂದ, ಸಾಲು ಮಾಯವಾದರೆ ಅದರ ಅಂಕಿಯೂ ಮಾಯ. ಅದಕ್ಕೇ ಅವಳು ಮೊದಲು ದಾಖಲಿಸುವ ರೂಢಿ ಮಾಡಿಕೊಂಡಿದ್ದಳು. ಆ ರೂಢಿ ಇದ್ದಷ್ಟು ದಿನ ಯಾರ ಅಂಕಿಯೂ ಯಾರಿಗೂ ಹೋಗಿರಲಿಲ್ಲ. ಅದನ್ನು ಬಿಡಿಸಿದವಳು ನಾನು. ನನ್ನ ಮ್ಯಾಲ ಭಾರ ಹಾಕ್ರಿ ಎಂದವಳು ನಾನು!

ಬಸ್ಸಿನಲ್ಲೇ ಸರಿಮಾಡಿದೆ. ಪ್ರತಿ ಗಾಡಿಗೂ ಅಂಗಳಕ್ಕೆ ಬಂದಾಗ ಒಂದು ಚೀಟಿ ಸಂಖ್ಯೆ ಕೊಟ್ಟಿರುತ್ತೇವೆ. ಅದನ್ನೇ ಸಾಲಿನ ಕೀ ಮಾಡಿದೆ. ಒಂದೇ ಒಂದು ಪದ ಸೇರಿಸಿದ್ದು. ಈಗ ಬಾಣ ಒತ್ತಿದರೆ ಹೆಸರಿನ ಜೊತೆ ಅಂಕಿಯೂ ಕೆಳಗಿಳಿಯಿತು. ಪಕ್ಕದ ಕಿಟಕಿಯ ಕೆಂಪು ಎಚ್ಚರಿಕೆ ಹೋಗಿಬಿಟ್ಟಿತು. ಒಂದು ವರ್ಷ ಮುಂದೆ ಹಾಕಿದ ಕೆಲಸಕ್ಕೆ ಹಿಡಿದದ್ದು ಟಿಕೆಟ್ ಚಿಲ್ಲರೆ ವಾಪಸ್ಸು ಬರುವಷ್ಟು ಹೊತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಈ ಹೊಸ ಕೋಡನ್ನು ಗಿರಣಿಗೆ ಕಳಿಸಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ಕಳಿಸಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿದೆ.

ಗಿರಣಿಯ ಅಂಗಳದಲ್ಲಿ ಏಳೆಂಟು ಟ್ರ್ಯಾಕ್ಟರು ನಿಂತಿದ್ದವು. ಖಾಲಾ ತೂಕದ ಕಟ್ಟೆಯ ನೆರಳಿನಲ್ಲಿ ಕೂತಿದ್ದಳು. ಅವಳ ಕುರ್ಚಿಯಲ್ಲಿ ಗೇಟಿನ ಕಾವಲುಗಾರನನ್ನು ಕೂರಿಸಿದ್ದರು, ಪಾಪ ಅವನಿಗೆ ಮಷೀನಿಗೆ ಕಾಳು ಎಷ್ಟು ಹಾಕಬೇಕೆಂದೂ ತಿಳಿಯದು. ನನ್ನನ್ನು ನೋಡಿದರೂ ಖಾಲಾ ಏಳಲಿಲ್ಲ.

"ನಾ ಕಚ್ಚಿ ನೋಡೀನಿ ಬೇಟಿ. ಆ ದೇಶನೂರಾವಂದು ಕಟಕ್ ಅಂತು. ನಮ್ಮ ಹುಡುಗಂದು ಹಸಿ, ಹಲ್ಲಿಗೆ ಮೆತ್ತಿಕೊಂತು. ಇದೇ ಕೈಯಾಗ ಅವನಿಗೆ ಹದಿನೈದು, ಇವನಿಗೆ ಇಪ್ಪತ್ತೊಂದು ಒತ್ತೀನಿ. ನಮ್ಮ ಹುಡುಗನ ಕೂಸಿಗೆ ಜ್ವರ, ದವಾಖಾನಿಗೆ ಹೋಗಬೇಕಂತ ಅಂದ. ಆ ದೇಶನೂರಾವ ತಾನ ಪಾಳಿ ಬಿಟ್ಟುಕೊಟ್ಟ. ನೀ ಹೇಳಿದಂಗ ಬಾಣ ಒತ್ತಿದೆ, ಆಮ್ಯಾಲ ಸರಸರ ಎಲ್ಲಾ ದಾಖಲಿಸಿದೆ. ಹೆಸರು ಮತ್ತ ನೋಡ್ಲಿಲ್ಲ. ಅದೊಂದು ನನ್ನ ತಪ್ಪು."

"ಅದೂ ನಿಮ್ಮ ತಪ್ಪಲ್ಲ ಖಾಲಾ," ಎಂದೆ.

ಪಾಳಿ ಬಿಟ್ಟುಕೊಟ್ಟವನ ಗಾಡಿಯನ್ನೇ ಹೊರಗೆ ಕಳಿಸಿದ್ದೆವು. ಅವನು ಆ ಭತ್ತವನ್ನು ತಿರುಗಿ ದೇಶನೂರಿಗೆ ಒಯ್ದು, ಒಣಗಿದ್ದನ್ನೇ ಮತ್ತೆ ಬಿಸಿಲಿಗೆ ಹರಡಿದ್ದನಂತೆ.

ಸಾವ್ಕಾರರನ್ನು ಕರೆದೆ. ಅವರು ಒಳಗೆ ಆಫೀಸಿನಲ್ಲಿ ಮಾತಾಡೋಣ ಎಂದರು. ಇಲ್ಲೇ ಆಗಲಿ ಎಂದೆ, ಯಾಕೆಂದರೆ ಮಾತು ಹಬ್ಬಿದ್ದು ಇದೇ ಅಂಗಳದಲ್ಲಿ. ಟ್ರ್ಯಾಕ್ಟರಿನವರು ಇಳಿದು ಹತ್ತಿರ ಬಂದರು. ಪರದೆಯಲ್ಲಿ ಇನ್ನೂ ಹಳೆಯ ಕೋಡೇ ಇತ್ತು. ಮೂರನೆಯ ಸಾಲಿನಲ್ಲಿ ಹದಿನೈದು ತುಂಬಿದೆ, ನಾಲ್ಕನೆಯದರಲ್ಲಿ ಇಪ್ಪತ್ತೊಂದು.

"ಹೆಸರು ನೋಡ್ರಿ, ಅಂಕಿ ನೋಡ್ರಿ," ಎಂದು ಹೇಳಿ ಬಾಣ ಒತ್ತಿದೆ.

ಮುಂದೆ ನಿಂತಿದ್ದ ಮುದುಕನೊಬ್ಬ, "ಅರೇ! ಹೆಸರು ಇಳೀತು, ಅಂಕಿ ಅಲ್ಲೇ ಕುಂತೈತಲ್ಲಲೇ!" ಎಂದ.

"ಖಾಲಾ ಏನೂ ಬದಲಿಸಿಲ್ಲ. ಬದಲಿಸಿದ್ದು ನಾ ಬರೆದ ಕೋಡು," ಎಂದೆ. ಸಾಹೇಬರ ನೆಟ್ ಪ್ರಾಬ್ಲಮ್ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಖಾಲಾ ಮೊದಲ ಮಾಡ್ತಿದ್ದಂಗ ಮಾಡಿದ್ರ ಇದು ಆಗ್ತಿರ್ಲಿಲ್ಲ. ಹಂಗ ಮಾಡಬ್ಯಾಡ್ರಿ ಅಂತ ನಾನ ಹೇಳಿದ್ದೆ."

ಸಾವ್ಕಾರರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ಆಮೇಲೆ ಖಾಲಾಳನ್ನು ನೋಡಲಾರದೆ ತಮ್ಮ ಚಪ್ಪಲಿ ನೋಡಿಕೊಂಡರು. "ನಡಿ ಖಾಲಾ, ನಿನ್ನ ಕುರ್ಚಿಗೆ ಕುಂದ್ರು. ಆಗಿದ್ದು ಆತು," ಎಂದರು.

ಖಾಲಾ ಕದಲಲಿಲ್ಲ. "ಇಪ್ಪತ್ತೆಂಟು ವರ್ಷ ಆತು ಸಾವ್ಕಾರ್ರೇ, ನನ್ನ ಬಾಯಿ ಸುಳ್ಳು ಹೇಳಿಲ್ಲ. ನೀವು ಒಂದು ಮಾತು ಕೇಳಲಿಲ್ಲ. ಇರ್ಲಿ. ಮೊದಲ ಆ ದೇಶನೂರಾವಂಗ ಫೋನ್ ಹಚ್ರಿ. ಅವ ನನ್ನ ಮುಖಾ ನೋಡಿ ಹೋದ ನಿನ್ನಿ, ಯಾಕಂತ ನನಗ ಆಗ ತಿಳೀಲಿಲ್ಲ. ಅವಂಗ ತಿಳಿಸಿ ಆಮ್ಯಾಲ ಕುಂದರ್ತೀನಿ."

ಫೋನು ನಾನೇ ಮಾಡಿದೆ. ಆ ಮನುಷ್ಯ ಎಲ್ಲ ಕೇಳಿಸಿಕೊಂಡ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಹೋಗ್ಲಿ ಬಿಡಮ್ಮಾ. ಆ ಕೂಸು ಹೆಂಗೈತಿ ಕೇಳು," ಎಂದ.

ಹೊಸ ಕೋಡು ಹಾಕಿ, ನಾಲ್ಕು ಸಲ ಒತ್ತಿ ನೋಡಿ, ಎಲ್ಲ ಸರಿಯಿದೆ ಎಂದಾದಾಗ ಊಟದ ಹೊತ್ತು ಮೀರಿತ್ತು. ಖಾಲಾ ಕುರ್ಚಿಗೆ ಬಂದಿದ್ದಳು. ತನ್ನ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗಿಟ್ಟಳು. ತಿನ್ನುತ್ತ ಕೇಳಿದಳು, "ಇದು ಹಿಂಗಾಗ್ತೈತಿ ಅಂತ ನಿನಗ ಮೊದಲ ಗೊತ್ತಾಗ್ತಿರ್ಲಿಲ್ಲಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ಹಳೆಯ ಕೋಡು ತೆರೆದು ಆ ಕೆಂಪು ಎಚ್ಚರಿಕೆ ತೋರಿಸಿದೆ. ಒಂದು ವರ್ಷದಿಂದ ದಿನಾ ಬರುತ್ತಿತ್ತು ಎಂದೆ. ಅವಳು ಕನ್ನಡಕ ಏರಿಸಿಕೊಂಡು ಹತ್ತಿರ ಬಾಗಿ ಆ ಇಂಗ್ಲಿಷ್ ಸಾಲನ್ನು ತುಂಬ ಹೊತ್ತು ನೋಡಿದಳು.

"ನನಗ ಇದು ಓದಾಕ ಬರಂಗಿಲ್ಲ," ಎಂದಳು. "ನಿನಗ ಬರ್ತಿತ್ತಲ್ಲ ಬೇಟಿ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗುವಷ್ಟು ತ್ರಾಣವೂ ಅವಳಲ್ಲಿ ಇದ್ದಂತಿರಲಿಲ್ಲ.

ಸಾಹೇಬರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಮರೆತರು. ಆ ವಾರ ನಮ್ಮ ಹಳೆಯ ಕೋಡನ್ನೆಲ್ಲ ತೆಗೆದು ಕೂತೆ. ಹೀಗೆ ಕೀ ಇಲ್ಲದ ಪಟ್ಟಿಗಳು ಇನ್ನೂ ಹನ್ನೊಂದು ಸಿಕ್ಕವು. ಒಂದೊಂದಕ್ಕೂ ಕೀ ಹಾಕಿದೆ. ಬೆನ್ನು ನೋಯುತ್ತಿತ್ತು, ಆದರೂ ಏಳಲಿಲ್ಲ.

ಮುಂದಿನ ಸುಗ್ಗಿಯಲ್ಲಿ ಮತ್ತೆ ಆ ಗಿರಣಿಗೆ ಹೋದೆ. ಖಾಲಾಳ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ. ಒಬ್ಬ ಬಂದು ಪಾಳಿ ಬಿಟ್ಟುಕೊಟ್ಟ. ಖಾಲಾ ತುಂಬಿದ್ದ ಅಂಕಿಗಳನ್ನು ಒಂದೊಂದಾಗಿ ದಾಖಲಿಸಿದಳು, ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ನೋಡಿದಳು. ಆಮೇಲೆ ಬಾಣ ಒತ್ತಿದಳು. ಹೆಸರು ಕೂಡಲೇ ಕೆಳಗಿಳಿಯಿತು. ಪರದೆ ಎಚ್ಚರವಾಗಿಯೇ ಇತ್ತು. ಆದರೂ ಅವಳು ಮೇಲಿನ ಚೌಕಕ್ಕೆ ಹೋಗಿ 'ಕೆ' ಒತ್ತಿದಳು, ಅಳಿಸಿದಳು, ಪಟ್ಟಿಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದಳು.

ಅದು ಇನ್ನು ಬೇಕಿಲ್ಲ ಎಂದು ನಾನು ಹೇಳಲಿಲ್ಲ.